ಏಳು ಅಭ್ಯರ್ಥಿಗಳು, ಒಬ್ಬ ತಂದೆ

ವಡೋದರಾದಿಂದ ಕೊಯಾಲಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿತ್ತು. ಹೆಸರು ಬೇಡ, ಇಂಥ ಕಾಲೇಜುಗಳಿಗೆ ಹೆಸರು ಹೇಳಿದರೂ ಸಿಟ್ಟು, ಹೇಳದಿದ್ದರೂ ಸಿಟ್ಟು. ಅಲ್ಲಿನ ಕೆಮಿಕಲ್ ವಿಭಾಗದಲ್ಲಿ ವಾಮನ ಉಪಾಧ್ಯ ಆರು ವರ್ಷಗಳಿಂದ ತಾತ್ಕಾಲಿಕ ಲೆಕ್ಚರರ್ ಆಗಿದ್ದ. ತಾತ್ಕಾಲಿಕ ಎಂದರೆ ಹನ್ನೊಂದು ತಿಂಗಳು ಕೆಲಸ, ಒಂದು ತಿಂಗಳು ಮನೆ. ಹನ್ನೆರಡೂ ತಿಂಗಳು ಇಟ್ಟುಕೊಂಡರೆ ಇವನು ಖಾಯಂ ಮಾಡಿ ಎಂದು ಎಲ್ಲಿ ಕೋರ್ಟಿಗೆ ಹೋಗಿಬಿಡುತ್ತಾನೋ ಎಂಬ ಭಯ ಆಡಳಿತದವರಿಗೆ. ಆ ಒಂದು ತಿಂಗಳಲ್ಲೂ ವಾಮನ ದಿನಾ ಕಾಲೇಜಿಗೆ ಬರುತ್ತಿದ್ದ. ಪ್ರಯೋಗಾಲಯದ ಬೀಗದ ಕೈ ಎಲ್ಲಿದೆ ಎಂದು ಅವನ ಹೊರತು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮನುಷ್ಯ ಒಳ್ಳೆಯವನು. ಒಳ್ಳೆಯವನು ಎಂದು ಗೊತ್ತಾದ ಮೇಲೆ ಜನ ಬಿಡುತ್ತಾರೆಯೇ? ಪರೀಕ್ಷೆಯ ವೇಳಾಪಟ್ಟಿ, ಹಾಸ್ಟೆಲಿನ ನೀರಿನ ಪಂಪು, ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಹಸಮುಖ್ ಮಾಂಕಡರ ಭಾಷಣ, ಎಲ್ಲವೂ ವಾಮನನ ತಲೆಗೇ. ಸಂಬಳದಲ್ಲಿ ಕಡಿಮೆ, ಕೆಲಸದಲ್ಲಿ ಜಾಸ್ತಿ. ಇದನ್ನು ಮಾಂಕಡ್ ಸಾಹೇಬರು ‘ಅನುಭವ’ ಎಂದು ಕರೆಯುತ್ತಿದ್ದರು.

ಅವನ ತಂದೆ ಮಾಧವ ಉಪಾಧ್ಯರು ಕುಂದಾಪುರದ ಕಡೆಯವರು. ಮೂವತ್ತೈದು ವರ್ಷದ ಹಿಂದೆ ಬಂದು ಸಯಾಜಿಗಂಜಿನ ಒಂದು ಗಲ್ಲಿಯಲ್ಲಿ ಎಂಟು ಮೇಜಿನ ಸಣ್ಣ ಹೋಟೆಲು ಹಾಕಿದ್ದರು. ಎಪ್ಪತ್ತರ ಹತ್ತಿರವಾದರೂ ದೋಸೆಯ ಕಾವಲಿಯ ಮುಂದೆ ತಾವೇ ನಿಲ್ಲುತ್ತಿದ್ದರು. ಸಾಂಬಾರಿಗೆ ಸಕ್ಕರೆ ಹಾಕಿ ಎನ್ನುವ ಗಿರಾಕಿಗಳ ಜೊತೆ ಮೂವತ್ತೈದು ವರ್ಷ ಜಗಳವಾಡಿ, ಕಡೆಗೆ ಬೆಲ್ಲಕ್ಕೆ ರಾಜಿಯಾಗಿದ್ದರು. ಮಗ ಡಾಕ್ಟರೇಟ್ ಮಾಡಿದ್ದು ಅವರಿಗೆ ಹೆಮ್ಮೆ. ಆದರೆ ಡಾಕ್ಟರೇಟ್ ಮಾಡಿದ ಮಗ ಪ್ರತಿ ವರ್ಷ ಒಂದು ತಿಂಗಳು ನಿರುದ್ಯೋಗಿ ಏಕೆ ಎಂಬುದನ್ನು ಗಿರಾಕಿಗಳಿಗೆ ವಿವರಿಸಲು ಅವರಿಗೆ ಗೊತ್ತಾಗುತ್ತಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಮಾರ್ಚಿನಲ್ಲಿ, ದೇವರು ಕಣ್ಣು ಬಿಟ್ಟಂತೆ, ಒಂದು ಖಾಯಂ ಹುದ್ದೆಗೆ ಸಂದರ್ಶನ ನಿಗದಿಯಾಯಿತು. ತಿಂಗಳ ಕೊನೆಯೊಳಗೆ ತುಂಬದಿದ್ದರೆ ಹುದ್ದೆ ರದ್ದು. ವಯಸ್ಸಿನ ಮಿತಿ ಮೂವತ್ತೈದು. ವಾಮನನಿಗೆ ಏಪ್ರಿಲಿನಲ್ಲಿ ಮೂವತ್ತೈದು ದಾಟುತ್ತಿತ್ತು. ಇದು ತಪ್ಪಿದರೆ ಮುಂದಿನದ್ದು ಎಂಬುದೇ ಇರಲಿಲ್ಲ.

ಆ ವರ್ಷ ಕಾಲೇಜಿನ ನಿರ್ದೇಶಕರು ಮೂರು ವಾರ ಅಮೆರಿಕಕ್ಕೆ ಹೋಗಿ ಬಂದಿದ್ದರು. ಮೂರು ವಾರದಲ್ಲಿ ಮನುಷ್ಯ ಎಷ್ಟು ಕಲಿಯಬಹುದೋ ಅದಕ್ಕಿಂತ ಸ್ವಲ್ಪ ಹೆಚ್ಚೇ ಕಲಿತಿದ್ದರು. ಹಿಂದೆಲ್ಲ ಸಂದರ್ಶನ ಎಂದರೆ ಹದಿನೈದು ನಿಮಿಷ, ನಾಲ್ಕು ಪ್ರಶ್ನೆ, ಒಂದು ಚಹಾ. ಇನ್ನು ಮೇಲೆ ಹಾಗಲ್ಲ, ಬೆಳಿಗ್ಗೆ ಇಡೀ ವಿಭಾಗದ ಮುಂದೆ ಇಪ್ಪತ್ತು ನಿಮಿಷ ಸಂಶೋಧನಾ ಉಪನ್ಯಾಸ, ಮಧ್ಯಾಹ್ನ ಆಯ್ಕೆ ಸಮಿತಿಯ ಪ್ರಶ್ನೆಗಳು. ಜೊತೆಗೆ ಪ್ರತಿ ಅಭ್ಯರ್ಥಿಯೂ ಒಂದು ‘ಬೋಧನಾ ಹೇಳಿಕೆ’ ಬರೆದು ಮುಂಚಿತವಾಗಿ ಕಳಿಸಬೇಕು ಎಂದು ಆಜ್ಞೆಯಾಯಿತು. ತಾನು ಹೇಗೆ ಕಲಿಸುತ್ತೇನೆ, ಯಾಕೆ ಹಾಗೆ ಕಲಿಸುತ್ತೇನೆ ಎಂದು ತನ್ನ ಮಾತಿನಲ್ಲಿ ಒಂದೂವರೆ ಪುಟ.

ಗುಜರಾತಿನ ಅರ್ಧ ಭಾಗಕ್ಕೆ ಇದು ಗಂಟಲಲ್ಲಿ ಸಿಕ್ಕ ಕಡುಬಾಯಿತು. ಅಹಮದಾಬಾದಿನಿಂದ, ಸೂರತ್ತಿನಿಂದ ಅಭ್ಯರ್ಥಿಗಳು ಕಚೇರಿಗೆ ಫೋನ್ ಮೇಲೆ ಫೋನ್ ಮಾಡಿದರು. ಎಲ್ಲರದ್ದೂ ಒಂದೇ ಪ್ರಶ್ನೆ: ಇದರ ನಮೂನೆ ಯಾವುದು? ಹುಟ್ಟಿದ ದಾಖಲೆಗೆ ನಮೂನೆ ಇದೆ, ಸತ್ತ ದಾಖಲೆಗೆ ನಮೂನೆ ಇದೆ. ನಡುವೆ ಪಾಠ ಮಾಡಲು ಮಾತ್ರ ನಮೂನೆ ಇಲ್ಲವೆಂದರೆ ಯಾರು ನಂಬುತ್ತಾರೆ? ಕಚೇರಿಯ ಗುಮಾಸ್ತ ಜಯಂತಿಭಾಯಿ ಮಾಂಕಡ್ ಸಾಹೇಬರನ್ನು ಕೇಳಿದ. ಮಾಂಕಡ್ ಸಾಹೇಬರು ಎಂದಿನಂತೆ ವಾಮನನನ್ನು ಕರೆದರು.

“ವಾಮನಭಾಯಿ, ಒಂದು ಸ್ಯಾಂಪಲ್ ಕೊಡು. ಸಂಜೆಯೊಳಗೆ.”

“ಸರ್, ನಾನೂ ಒಬ್ಬ ಅಭ್ಯರ್ಥಿ.”

“ಹಾಗಾದರೆ ನಿನ್ನ ಹತ್ತಿರ ತಯಾರಿರುತ್ತದಲ್ಲ,” ಎಂದರು ಮಾಂಕಡ್ ಸಾಹೇಬರು, ಸಮಸ್ಯೆ ಬಗೆಹರಿದ ಸಂತೋಷದಲ್ಲಿ.

ತಯಾರಿತ್ತು ನಿಜ. ಹದಿನೈದು ದಿನ ಕೂತು ಬರೆದಿದ್ದ. ಅದರಲ್ಲಿ ತನ್ನ ತಂದೆಯ ಬಗ್ಗೆ ಬರೆದಿದ್ದ. ಹೋಟೆಲಿಗೆ ಹೊಸ ಅಡುಗೆಯವನು ಬಂದರೆ ತಂದೆ ಮೂರು ದಿನ ಅವನ ಕೈಗೆ ಸೌಟು ಕೊಡುತ್ತಿರಲಿಲ್ಲ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ ಅದರ ಸದ್ದು ಕೇಳು ಎನ್ನುತ್ತಿದ್ದರು. ಸದ್ದು ಗುರುತು ಸಿಕ್ಕವನಿಗೆ ಮಾತ್ರ ಸೌಟು. ‘ನಾನೂ ವಿದ್ಯಾರ್ಥಿಗಳಿಗೆ ಮೊದಲು ಸೂತ್ರ ಕೊಡುವುದಿಲ್ಲ, ಕಣ್ಣಿಂದ, ಕಿವಿಯಿಂದ ವಿಷಯವನ್ನು ಗುರುತಿಸಲು ಬಿಡುತ್ತೇನೆ, ಸೂತ್ರವನ್ನು ಅವರೇ ಕೇಳಿ ಪಡೆಯುತ್ತಾರೆ’ ಎಂದು ಬರೆದಿದ್ದ. ಬರೆದದ್ದನ್ನು ತಂದೆಗೆ ಓದಿ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, “ದೊಡ್ಡ ದೊಡ್ಡ ಜನ ಓದುದಲ್ವಾ ಇದನ್ನ? ಹೋಟೆಲಿನ ಹೆಸರು ಹಾಕಿದ್ಯಾ?” ಎಂದಿದ್ದರು. ಹಾಕಿರಲಿಲ್ಲ.

ಸ್ಯಾಂಪಲ್ ಎಂದರೆ ಸ್ಯಾಂಪಲ್ ತಾನೇ, ನೋಡಿ ತಮ್ಮದನ್ನು ಬರೆಯುತ್ತಾರೆ ಎಂದುಕೊಂಡು ವಾಮನ ತನ್ನ ಹೆಸರು ಅಳಿಸಿ ಕೊಟ್ಟ. ಬೇರೆ ಬರೆಯಲು ಸಮಯವಿರಲಿಲ್ಲ. ಅಂದು ಸಂಜೆ ಹಾಸ್ಟೆಲಿನ ಪಂಪು ಕೆಟ್ಟಿತ್ತು. ಜಯಂತಿಭಾಯಿ ಅದರ ಮೇಲೆ ‘ಲಗತ್ತು ಐದು’ ಎಂದು ಮುದ್ರೆ ಒತ್ತಿ, ‘ಲಗತ್ತಿಸಿದ ನಮೂನೆಯಂತೆಯೇ ಸಲ್ಲಿಸತಕ್ಕದ್ದು’ ಎಂಬ ಸಾಲು ಸೇರಿಸಿ, ಮಾಂಕಡ್ ಸಾಹೇಬರ ಸಹಿ ಹಾಕಿಸಿ ಎಲ್ಲರಿಗೂ ಅಂಚೆಯಲ್ಲಿ ಕಳಿಸಿದ. ಅವನ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನಮೂನೆ ಬದಲಿಸಿದವರ ಅರ್ಜಿ ಸ್ವೀಕಾರವಾದದ್ದನ್ನು ಅವನು ಕಂಡಿರಲಿಲ್ಲ.

ಸಂದರ್ಶನದ ದಿನ ಬೆಳಿಗ್ಗೆ ಏಳಕ್ಕೇ ವಾಮನ ಕಾಲೇಜಿನಲ್ಲಿದ್ದ. ಅಭ್ಯರ್ಥಿಯಾಗಿ ಅಲ್ಲ. ಕುರ್ಚಿ ಹಾಕಿಸಬೇಕು, ಪ್ರೊಜೆಕ್ಟರಿಗೆ ಹೊಸ ಬಲ್ಬ್ ಹಾಕಬೇಕು, ಸಮಿತಿಯವರ ಊಟ ಹೇಳಬೇಕು. ಮದುವೆಯ ಗಂಡೇ ಚಪ್ಪರ ಹಾಕಿ, ಗಂಡೇ ಎಲೆ ಹಾಸಿ, ಆಮೇಲೆ ಕೈ ಒರೆಸಿಕೊಂಡು ಹಸೆಮಣೆ ಏರಬೇಕಾದ ಸ್ಥಿತಿ.

ಏಳು ಜನ ಅಭ್ಯರ್ಥಿಗಳು. ಸೂರತ್ತಿನ ಅಡಾಜಣ್‌ನಿಂದ ಬಂದ ಮಂಥನ್ ದೇಸಾಯಿ ಎಂಬ ಹುರುಪಿನ ಹುಡುಗ ಅವರಲ್ಲಿ ಒಬ್ಬ. ತಂದೆ ಸೀರೆಯ ಸಗಟು ವ್ಯಾಪಾರಿ. ಅಹಮದಾಬಾದಿನ ನೀಲಾ ತ್ರಿವೇದಿ ಇನ್ನೊಬ್ಬಳು. ತಂದೆ ನಿವೃತ್ತ ಮಾಮಲತದಾರರು, ನಮ್ಮ ಕಡೆಯ ತಹಸೀಲ್ದಾರರಿದ್ದಂತೆ. ಉಪನ್ಯಾಸಗಳು ನಡೆದವು. ಮಂಥನ್ ಲ್ಯಾಪ್‌ಟಾಪಿನಿಂದ ಬಣ್ಣಬಣ್ಣದ ಬಾಣಗಳನ್ನು ಹಾರಿಸಿದ. ಬಾಣಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿವೆ ಎಂದು ಯಾರೂ ಕೇಳಲಿಲ್ಲ. ನೀಲಾ ಬಣ್ಣದ ಕಾರ್ಖಾನೆಗಳ ಕೊಳಚೆ ನೀರಿನ ಬಗ್ಗೆ ಚೆನ್ನಾಗಿಯೇ ಮಾತಾಡಿದಳು. ಊರಿನ ಕಾರ್ಖಾನೆ ಮಾಲೀಕರ ಹೆಸರು ಬರುವ ಹೊತ್ತಿಗೆ ಸಮಯ ಮುಗಿಯಿತೆಂದು ಗಂಟೆ ಹೊಡೆದರು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಪ್ರತಿ ಉಪನ್ಯಾಸದ ಕೊನೆಗೂ ಎದ್ದು, “ಇದರ ಪ್ರಾಯೋಗಿಕ ಉಪಯೋಗವೇನು?” ಎಂದು ಕೇಳಿ ಮತ್ತೆ ಮಲಗುತ್ತಿದ್ದರು.

ವಾಮನನದು ಕೊನೆಯ ಸರದಿ, ಪಾರದರ್ಶಕ ಹಾಳೆಗಳ ಮೇಲೆ ಕೈಯಲ್ಲಿ ಬರೆದದ್ದು. ವಿಷಯ, ಬಿಸಿ ಲೋಹದ ಮೇಲೆ ಬಿದ್ದ ನೀರಿನ ಹನಿ ಎಷ್ಟು ಹೊತ್ತು ಬದುಕುತ್ತದೆ ಎಂಬುದು. ಸಾಧಾರಣ ಬಿಸಿಯಲ್ಲಿ ಹನಿ ಚುಂಯ್ ಎಂದು ಕ್ಷಣದಲ್ಲಿ ಆವಿಯಾಗುತ್ತದೆ. ಲೋಹ ಇನ್ನೂ ವಿಪರೀತ ಕಾದಿದ್ದರೆ ಹನಿಯ ಕೆಳಗೆ ಆವಿಯದೇ ಒಂದು ಹಾಸಿಗೆಯಾಗಿ, ಹನಿ ಅದರ ಮೇಲೆ ಉರುಳಾಡಿಕೊಂಡು ಬಹಳ ಹೊತ್ತು ಉಳಿಯುತ್ತದೆ. ಹೊರಗಿನಿಂದ ಬಂದಿದ್ದ ವಿಷಯತಜ್ಞರು ಪ್ರೊಫೆಸರ್ ಕೃಷ್ಣಮೂರ್ತಿ. ಮೈಸೂರಿನವರು, ಮುಂಬಯಿಯಲ್ಲಿ ನೆಲೆಸಿದವರು. “ಮೇಲ್ಮೈ ಒರಟಾಗಿದ್ದರೆ?” ಎಂದು ಕೇಳಿದರು. ಒರಟಾದಷ್ಟೂ ಹನಿ ಉರುಳಾಡಲು ಹೆಚ್ಚು ಬಿಸಿ ಬೇಕಾಯಿತೆಂದು ವಾಮನ ತನ್ನ ಅಳತೆಗಳನ್ನು ತೋರಿಸಿದ. ಕೃಷ್ಣಮೂರ್ತಿ ತಲೆದೂಗಿ ಏನೋ ಬರೆದುಕೊಂಡರು. ಮಲಗಿದ್ದವರು ಎದ್ದು ಪ್ರಾಯೋಗಿಕ ಉಪಯೋಗವನ್ನು ಕೇಳಿದರು. ವಾಮನನಿಗೆ ಆರು ವರ್ಷದಲ್ಲಿ ಮೊದಲ ಸಲ, ಆಗಬಹುದು ಎನಿಸಿತು.

ಮಧ್ಯಾಹ್ನ ಒಬ್ಬೊಬ್ಬರನ್ನೇ ಒಳಗೆ ಕರೆದರು. ಮೂರನೆಯವನಾಗಿ ಹೋದ ಮಂಥನ್ ಹೊರಗೆ ಬಂದಾಗ ಹಣೆ ಬೆವರಿತ್ತು.

“ವಿಚಿತ್ರ ಜನ. ನನ್ನ ತಂದೆಯ ಹೋಟೆಲ್ ಎಲ್ಲಿದೆ ಅಂತ ಕೇಳಿದರು.”

ವಾಮನ ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಕೆಳಗಿಟ್ಟ. “ನಿಮ್ಮ ತಂದೆಯದು ಸೀರೆ ವ್ಯಾಪಾರ ಅಲ್ಲವೇ?”

“ಹೌದು. ಆದರೆ ನಮೂನೆಯಲ್ಲಿ ಹೋಟೆಲ್ ಅಂತ ಇತ್ತಲ್ಲ, ಹಾಗೇ ತುಂಬಿದ್ದೆ. ಆಣಂದದಲ್ಲಿದೆ ಅಂದುಬಿಟ್ಟೆ.”

“ನೀವು ತಂದೆಯ ಭಾಗವನ್ನೂ ನಕಲು ಮಾಡಿದಿರಾ?”

“ನಕಲು ಯಾಕೆ ಅಂತೀರಿ? ನಮೂನೆಯಂತೆಯೇ ಸಲ್ಲಿಸತಕ್ಕದ್ದು ಅಂತ ಬರೆದಿತ್ತಲ್ಲ,” ಎಂದ ಮಂಥನ್, ತುಸು ಅವಮಾನವಾದವನಂತೆ.

ಆಮೇಲೆ ಹೋದ ನೀಲಾ ನಗುತ್ತಲೇ ಬಂದಳು. “ನಮ್ಮ ಹೋಟೆಲ್ ಮುಚ್ಚಿ ಹೋಯಿತು ಅಂದೆ. ಅವರು ಪಾಪ, ಬೇಜಾರು ಮಾಡಿಕೊಂಡರು.” ಐದನೆಯವನು ತನ್ನ ತಂದೆ ದೋಸೆಯ ಜೊತೆಗೆ ಢೋಕ್ಲಾ ಕೂಡ ಕಾವಲಿಯ ಮೇಲೇ ಹೊಯ್ಯುತ್ತಿದ್ದರೆಂದು ಹೇಳಿ ಬಂದಿದ್ದ. ಢೋಕ್ಲಾ ಹಬೆಯಲ್ಲಿ ಬೇಯುತ್ತದೆ ಎಂಬುದು ಹುಟ್ಟಾ ಗುಜರಾತಿಯಾದ ಅವನಿಗೆ ಆ ಕ್ಷಣ ಮರೆತುಹೋಗಿತ್ತು.

ಆರು ಜನ ವಾಮನನ ಅಪ್ಪನನ್ನು ಎತ್ತಿಕೊಂಡು ಒಳಗೆ ಹೋಗಿ ಬಂದಾಗಿದೆ. ಈಗ ಸ್ವಂತ ಮಗ ಏಳನೆಯ ಕಳ್ಳನಾಗಿ ಹೋಗಬೇಕು. ಸಿಟ್ಟು ಬಂತು, ಅಳು ಬಂತು, ನಗುವೂ ಬಂತು. ಯಾವುದನ್ನು ತೋರಿಸಬೇಕೆಂದು ತಿಳಿಯುವುದರೊಳಗೆ ಜಯಂತಿಭಾಯಿ ಅವನ ಹೆಸರು ಕೂಗಿದ.

ಒಳಗೆ ಐದು ಜನ. ನಡುವೆ ನಿರ್ದೇಶಕರು, ಒಂದು ಕಡೆ ಮಾಂಕಡ್ ಸಾಹೇಬರು ಮತ್ತು ಡೀನ್, ಇನ್ನೊಂದು ಕಡೆ ಕೃಷ್ಣಮೂರ್ತಿ, ಅಂಚಿನಲ್ಲಿ ಕಾಲೇಜು ನಡೆಸುವ ಟ್ರಸ್ಟಿನ ಪರವಾಗಿ ಬಂದ, ಮುಚ್ಚಿಹೋದ ಬಟ್ಟೆ ಗಿರಣಿಯೊಂದರ ಮಾಜಿ ಮಾಲೀಕರಾದ ವೃದ್ಧ ಶೇಠ್. ಮಾತೆಲ್ಲ ಇಂಗ್ಲಿಷಿನಲ್ಲಿ.

“ಡಾಕ್ಟರ್ ಉಪಾಧ್ಯ,” ಎಂದರು ಕೃಷ್ಣಮೂರ್ತಿ, “ಇವತ್ತು ಗುಜರಾತಿನಲ್ಲಿ ದೋಸೆ ಹೊಯ್ಯದ ತಂದೆ ಒಬ್ಬರೂ ಉಳಿದಿಲ್ಲವೆಂದು ಕಾಣುತ್ತದೆ. ನಿಮ್ಮ ತಂದೆಯದು ಎಲ್ಲಿ? ಮುಚ್ಚಿದೆಯೋ, ನಡೆಯುತ್ತಿದೆಯೋ?”

“ನಡೆಯುತ್ತಿದೆ ಸರ್. ಸಯಾಜಿಗಂಜಿನಲ್ಲಿ.”

“ಸರಿ. ಕಾವಲಿಗೆ ನೀರು ಹಾಕಿದರೆ ಹೇಗೆ ಸದ್ದಾಗಬೇಕು?”

ಮಿಕ್ಕ ಆರು ಜನ ಈ ಪ್ರಶ್ನೆಗೆ ಏನು ಹೇಳಿದ್ದರೋ ದೇವರಿಗೇ ಗೊತ್ತು. ವಾಮನ ಹೇಳಿದ. ಸದ್ದೇ ಇಲ್ಲದೆ ನೀರು ಹರಡಿ ನಿಂತರೆ ಕಾವಲಿ ತಣ್ಣಗಿದೆ. ಚುಂಯ್ ಎಂದು ಹಾರಿಹೋದರೆ ಹಿಟ್ಟು ಹೊಯ್ಯಬಹುದು. ಸದ್ದು ನಿಂತು ನೀರು ಮುತ್ತುಗಳಾಗಿ ಉರುಳಾಡತೊಡಗಿದರೆ ಕಾವಲಿ ಕೆಟ್ಟು ಕಾದಿದೆ; ಆಗ ಹೊಯ್ದ ಹಿಟ್ಟು ಹರಡುವ ಮೊದಲೇ ಬೆಂದು ಸೌಟಿಗೆ ಸುತ್ತಿಕೊಳ್ಳುತ್ತದೆ. ಅಪ್ಪ ಆಗ ಇನ್ನಷ್ಟು ನೀರು ಹೊಡೆದು ಪೊರಕೆಯಲ್ಲಿ ಗುಡಿಸಿ ಕಾವಲಿಯನ್ನು ಸಮಾಧಾನಕ್ಕೆ ತರುತ್ತಾರೆ. “ಬೆಳಿಗ್ಗೆ ನಾನು ಉಪನ್ಯಾಸದಲ್ಲಿ ಹೇಳಿದ್ದು ಅದನ್ನೇ ಸರ್. ನನಗೆ ಆ ಹನಿಯನ್ನು ಮೊದಲು ತೋರಿಸಿದವರು ಅಪ್ಪ. ಅದಕ್ಕೆ ಒಂದು ಹೆಸರಿದೆ ಎಂದು ಗೊತ್ತಾಗಿದ್ದು ಎಂ.ಟೆಕ್‌ನಲ್ಲಿ.”

ಕೃಷ್ಣಮೂರ್ತಿ ಪೆನ್ನು ಕೆಳಗಿಟ್ಟರು. “ಇದು ಈ ಹುಡುಗನ ಬರಹ. ಮಿಕ್ಕವರ ಕೈಗೆ ಹೇಗೆ ಹೋಯಿತು?”

ವಾಮನ ಮಾಂಕಡ್ ಸಾಹೇಬರನ್ನು ನೋಡಿದ. ಮಾಂಕಡ್ ಸಾಹೇಬರು ಫ್ಯಾನನ್ನು ಎಂದೂ ಕಂಡಿರದವರಂತೆ ನೋಡುತ್ತಿದ್ದರು. ವಾಮನ ನಡೆದದ್ದನ್ನು ನಡೆದ ಹಾಗೆ ಹೇಳಿದ.

ಸತ್ಯ ಹೇಳಿದರೆ ಒಳ್ಳೆಯದಾಗುತ್ತದೆ ಎಂದು ಪಾಠಪುಸ್ತಕ ಬರೆಯುವವರು ಯಾರೂ ಆಯ್ಕೆ ಸಮಿತಿಯ ಮುಂದೆ ಕೂತವರಲ್ಲ. ನಿರ್ದೇಶಕರ ಮುಖ ಕಪ್ಪಿಟ್ಟಿತು. ಒಬ್ಬ ಅಭ್ಯರ್ಥಿಯ ಹೇಳಿಕೆಯನ್ನು ಕಾಲೇಜೇ ಮುದ್ರೆ ಒತ್ತಿ ಉಳಿದವರಿಗೆ ಹಂಚಿದೆ. ಆ ಅಭ್ಯರ್ಥಿಯೇ ಸಂದರ್ಶನದ ಕುರ್ಚಿ ಹಾಕಿಸಿದ್ದಾನೆ. ಇದು ನಡಾವಳಿಗೆ ಹೋದರೆ ಇಡೀ ಆಯ್ಕೆ ರದ್ದು. ಮತ್ತೆ ಜಾಹೀರಾತು ಕೊಡುವಷ್ಟರಲ್ಲಿ ಮಾರ್ಚ್ ಮುಗಿದು ಹುದ್ದೆಯೂ ಹೋಗುತ್ತದೆ.

ದಾರಿ ತೋರಿಸಿದವರು ಶೇಠ್.

“ಗೊಂದಲ ಏನು? ಅದನ್ನು ಬರೆದ ಹುಡುಗ, ಆ ತಂದೆ ಯಾರೂ ಅಲ್ಲ, ಉದಾಹರಣೆಗೆ ಹಾಕಿದ್ದು ಅಂತ ಒಂದು ಕಾಗದ ಕೊಡಲಿ. ಆಗ ಅದು ಕಾಲೇಜಿನ ನಮೂನೆ. ನಮೂನೆಯಂತೆ ತುಂಬಿದವರು ಯಾರೂ ಕಳ್ಳರಲ್ಲ. ಆ ಹೇಳಿಕೆಯ ಅಂಕ ಎಲ್ಲರಿಗೂ ಸಮ. ಉಪನ್ಯಾಸ ನೋಡಿ ಆರಿಸಿ.”

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಿರ್ದೇಶಕರು ನಿಟ್ಟುಸಿರು ಬಿಟ್ಟರು. ಮಾಂಕಡ್ ಸಾಹೇಬರ ದೃಷ್ಟಿ ಫ್ಯಾನಿನಿಂದ ಕೆಳಗಿಳಿಯಿತು. ಕಾಗದ ಟೈಪಾಗಿ ಬರುವವರೆಗೆ ವಾಮನನನ್ನು ಹೊರಗೆ ಕೂರಿಸಿದರು.

ಕೃಷ್ಣಮೂರ್ತಿ ಕೈ ತೊಳೆಯುವ ನೆವದಲ್ಲಿ ಹೊರಗೆ ಬಂದು ಅವನ ಪಕ್ಕ ನಿಂತು ಕನ್ನಡದಲ್ಲಿ ಮಾತಾಡಿದರು. ಆ ಇಡೀ ದಿನ ವಾಮನನ ಕಿವಿಗೆ ಬಿದ್ದ ಮೊದಲ ಕನ್ನಡ ಅದು.

“ನೋಡಪ್ಪಾ, ಅದು ನಿಂದೇ ಅಂತ ನಂಗೆ ಗೊತ್ತು. ನಂಗೆ ಗೊತ್ತಿರೋದು ಫೈಲಿಗೆ ಗೊತ್ತಾಗ್ಬಾರ್ದು, ಅಷ್ಟೇ. ಬೆಳಿಗ್ಗೆ ಉಪನ್ಯಾಸದಲ್ಲಿ ನಿನ್ನ ಸಮಕ್ಕೆ ಯಾರೂ ಬರಲಿಲ್ಲ. ಸಹಿ ಹಾಕ್ಬಿಡು.”

“ನಮ್ಮ ತಂದೆ ಬದುಕಿದಾರೆ ಸರ್.”

“ಅದಕ್ಕೇ ಹೇಳ್ತಿರೋದು. ಅವ್ರು ಬದುಕಿರೋವಾಗ್ಲೇ ಖಾಯಂ ಆಗು. ಒಂದು ಕಾಗದ ತಾನೇ.”

ಜಯಂತಿಭಾಯಿ ಕಾಗದ ತಂದ. ‘ಲಗತ್ತು ಐದರಲ್ಲಿ ಹೇಳಲಾದ ತಂದೆಯು ಕೇವಲ ಉದಾಹರಣೆಯಾಗಿದ್ದು, ನನಗಾಗಲಿ ಬೇರಾವ ಅಭ್ಯರ್ಥಿಗಾಗಲಿ ಸಂಬಂಧಪಟ್ಟವರಲ್ಲ’ ಎಂದಿತ್ತು. ವಾಮನ ಅದನ್ನು ಮೂರು ಸಲ ಓದಿದ. ಆರು ವರ್ಷ ಹನ್ನೊಂದು ತಿಂಗಳ ಲೆಕ್ಕದಲ್ಲಿ ಬದುಕಿದವನು. ಬೇಡ ಎಂದರೆ ಸತ್ಯ ಅವನದು, ಹುದ್ದೆ ಯಾರದ್ದೂ ಅಲ್ಲ. ಸಹಿ ಹಾಕಿದ. ಅದು ಎಂದಿನ ಸಹಿಯೇ ಆಗಿತ್ತು. ಜಯಂತಿಭಾಯಿ ಹಾಳೆಗೆ ಉಫ್ ಎಂದು ಊದಿ ಮಸಿ ಒಣಗಿಸಿದ.

ನಾಲ್ಕನೇ ದಿನ ನೇಮಕದ ಆದೇಶ ಬಂತು. ಮಾಂಕಡ್ ಸಾಹೇಬರು ಬೆನ್ನು ತಟ್ಟಿ, ಇದೆಲ್ಲ ತಾವು ಮಾಡಿಸಿದ್ದೆಂಬಂತೆ ನಕ್ಕರು. ವಾಮನ ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ಸೀದಾ ಹೋಟೆಲಿಗೆ ಹೋದ. ಮಧ್ಯಾಹ್ನದ ಗಿರಾಕಿಗಳ ಗದ್ದಲ ಇಳಿದಿತ್ತು. ಮಾಧವ ಉಪಾಧ್ಯರು ಆದೇಶವನ್ನು ಎರಡೂ ಕೈಯಲ್ಲಿ ಹಿಡಿದು, ಇಂಗ್ಲಿಷ್ ಬಾರದಿದ್ದರೂ ಕೊನೆಯ ಸಾಲಿನವರೆಗೆ ಕಣ್ಣಾಡಿಸಿ, ದೇವರ ಪಟದ ಮುಂದೆ ಇಟ್ಟು ಬಂದರು.

“ಇನ್ನು ಮೇಲೆ ಹನ್ನೆರಡು ತಿಂಗಳೂ ಉಂಟಲ್ಲ?”

“ಉಂಟು ಅಪ್ಪ.”

“ನನ್ನ ವಿಷಯ ಎಂತಾದ್ರೂ ಕೇಳಿದ್ರಾ ಅಲ್ಲಿ?”

ಸುಳ್ಳು ಹೇಳಬಹುದಿತ್ತು. ಹೇಳಲೆಂದೇ ದಾರಿಯುದ್ದಕ್ಕೂ ಒಂದು ಸುಳ್ಳನ್ನು ಕಟ್ಟಿಕೊಂಡು ಬಂದಿದ್ದ. ಆದರೆ ಎದುರಿಗೆ ನಿಂತಾಗ ಅದು ಬಾಯಿಗೆ ಬರಲಿಲ್ಲ. ನಮೂನೆಯ ಕತೆ, ಆರು ಜನರ ಕತೆ, ಕಾಗದದ ಕತೆ ಎಲ್ಲವನ್ನೂ ಹೇಳಿದ. ಆಣಂದದ ಹೋಟೆಲ್, ಮುಚ್ಚಿಹೋದ ಹೋಟೆಲ್, ಕಾವಲಿಯ ಮೇಲಿನ ಢೋಕ್ಲಾ ಕೇಳಿ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಗದದ ಮಾತು ಬಂದಾಗ ನಗು ಸ್ವಲ್ಪ ಸ್ವಲ್ಪವಾಗಿ ನಿಂತಿತು.

“ಹಾಗಾದ್ರೆ ಅವ್ರು ಆರು ಜನ,” ಎಂದರು ಸಾವಕಾಶವಾಗಿ, “ಪರ ಊರಿನವ್ರು, ನನ್ನ ಮುಖ ಕಾಣದವ್ರು, ಅವ್ರು ನಾನು ಅಪ್ಪ ಅಂತ ಬರ್ದುಕೊಟ್ರು. ಅವ್ರಿಗೆ ಕೆಲಸ ಸಿಗ್ಲಿಲ್ಲ.”

“ಇಲ್ಲ.”

“ಅಲ್ಲ ಅಂತ ಬರ್ದುಕೊಟ್ಟವ್ನಿಗೆ ಸಿಕ್ತು.”

ಮಾತಿನಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ವಾಮನ ತಡೆದುಕೊಳ್ಳುತ್ತಿದ್ದ. ಅವರು ಪೊರಕೆ ಎತ್ತಿ ಕಾವಲಿ ಗುಡಿಸಿದರು.

“ಇರ್ಲಿ ಮಾರಾಯ. ನಾನಾದ್ರೂ ಸಹಿ ಹಾಕು ಅಂತಲೇ ಹೇಳ್ತಿದ್ದೆ. ಆ ಮಕ್ಕಳು ಯಾರಾದ್ರೂ ಈ ಕಡೆ ಬಂದ್ರೆ ಕರ್ಕೊಂಡು ಬಾ. ಪಾಪ, ನನ್ನಿಂದ ಅವ್ರಿಗೆ ಎಂತದೂ ಆಗ್ಲಿಲ್ಲ. ಒಂದೊಂದು ದೋಸೆ ಆದ್ರೂ ತಿಂದು ಹೋಗ್ಲಿ.”

ಕೆಮಿಕಲ್ ವಿಭಾಗದ ಖಾಯಂ ಲೆಕ್ಚರರ್ ಡಾಕ್ಟರ್ ವಾಮನ ಉಪಾಧ್ಯ ಗೋಡೆಯ ಕಡೆಗೆ ಮುಖ ಮಾಡಿ ಕುಳಿತು ಅತ್ತ. ಅಪ್ಪ ನೋಡಿಯೂ ನೋಡದವರಂತೆ ಒಂದು ದೋಸೆ ಹೊಯ್ದು, ತಟ್ಟೆಗೆ ಹಾಕಿ, ಅವನ ಮುಂದೆ ಇಟ್ಟು ಹೋದರು.